ಮಳೆಗೆ ಮೊದಲು ಮದ್ದು

ನಮ್ಮ ಯಲ್ದೂರಿನವರಿಗೆ ಮಳೆಯನ್ನು ಬೈದು ಅಭ್ಯಾಸವಿಲ್ಲ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಬಿದ್ದರೆ ಹೆಚ್ಚು ಅನ್ನುವ ಸೀಮೆ ಇದು. ಸುಮ್ಮನೆ ಹಾದು ಹೋಗುವ ಮೋಡಕ್ಕೂ ಕೈಮುಗಿಯುವವರು ನಾವು. ಮಳೆಗೆ ಶಾಪ ಹಾಕುವ ಜನವೂ ಇದ್ದಾರೆ ಎಂದು ತಿಳಿದದ್ದು ಅಕ್ಕನನ್ನು ತೀರ್ಥಹಳ್ಳಿ ಕಡೆಗೆ ಕೊಟ್ಟ ಮೇಲೆ. ಆಷಾಢದಲ್ಲಿ ಫೋನು ಮಾಡಿ, "ನಿಮ್ಮ ಮಳೆ ನಮಗೂ ಒಂದಿಷ್ಟು ಕಳಿಸಿ ಭಾವ" ಅಂದರೆ, "ಪೂರಾ ತಗೊಂಡು ಹೋಗು ಮಾರಾಯ, ಜೊತೆಗೆ ಕೊಳೆಯನ್ನೂ ತಗೊಂಡು ಹೋಗು" ಅನ್ನುತ್ತಾರೆ.

ಕೊಳೆ ಎಂದರೆ ಅಡಿಕೆಯ ಕೊಳೆರೋಗ. ಎಳೆಗಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಮಚ್ಚೆಯೊಂದು ಕಾಣಿಸುತ್ತದೆ. ಮಚ್ಚೆ ಹರಡುತ್ತಾ ಕಾಯಿಯ ಹೊಳಪು ಹೋಗುತ್ತದೆ, ತೊಟ್ಟು ಸಡಿಲವಾಗುತ್ತದೆ, ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೈಮೇಲೆ ನಾಲ್ಕಾರು ದಿನದಲ್ಲಿ ಬಿಳಿಯ ಬೂಷ್ಟು ಕಟ್ಟುತ್ತದೆ. ಮಳೆಗಾಲದ ಕೊನೆಗೆ ರೋಗ ತಗುಲಿದರೆ ಕಾಯಿ ಉದುರದೆ ಕೊನೆಯಲ್ಲೇ ಕೊಳೆತು ಒಣಗಿ ನಿಲ್ಲುವುದೂ ಉಂಟು. ಹಾಗೆ ನಿಂತ ಕೊನೆಯನ್ನು ಇಳಿಸದೆ ಬಿಟ್ಟರೆ ಮುಂದಿನ ವರ್ಷದ ಕೊಳೆಗೆ ಬೀಜ ಇಟ್ಟ ಹಾಗೆ.

ಇದನ್ನು ತರುವ ಜೀವಿಯ ಹೆಸರು ಫೈಟಾಫ್ತೊರ. ಹೆಸರು ಹೊಸದೆನಿಸಬಹುದು, ಕುಲ ಮಾತ್ರ ನಮ್ಮವರಿಗೆ ಹೊಸದಲ್ಲ. ಮೋಡ ಮುಚ್ಚಿ ಜಿಟಿಜಿಟಿ ಹಿಡಿದಾಗ ಶ್ರೀನಿವಾಸಪುರದ ಟೊಮೇಟೊ ತೋಟಗಳನ್ನು ಸುಟ್ಟಂತೆ ಕಪ್ಪಾಗಿಸುವ ಅಂಗಮಾರಿ ಇದರ ಸೋದರಸಂಬಂಧಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಜನರನ್ನು ಉಪವಾಸ ಕೆಡವಿದ್ದೂ ಅದೇ ಅಂಗಮಾರಿ. ನೋಡಲು ಶಿಲೀಂಧ್ರದಂತಿದ್ದರೂ ಈ ಕುಲ ನಿಜವಾದ ಶಿಲೀಂಧ್ರವಲ್ಲ, ಪಾಚಿಗಳ ಹತ್ತಿರದ್ದು. ಹಾಗಾಗಿಯೇ ಇದಕ್ಕೆ ನೀರಿನ ಮೇಲೆ ಅಷ್ಟು ಪ್ರೀತಿ. ಕಾಯಿಯ ಮೇಲೆ ನೀರಿನ ತೆಳುಪದರ ನಿಂತರೆ ಇದರ ಬೀಜದ ಚೀಲ ಒಡೆದು, ಬಾಲವಿರುವ ಸಣ್ಣ ಬೀಜಾಣುಗಳು ಹೊರಬಂದು ಈಜುತ್ತವೆ. ಈಜಿ ಒಂದು ಜಾಗ ಹಿಡಿದು, ಮೊಳೆತು, ಸಿಪ್ಪೆಯೊಳಗೆ ಇಳಿಯುತ್ತವೆ. ಗಾಳಿಮಳೆಯ ಹನಿ ಸಿಡಿದರೆ ಒಂದು ಕೊನೆಯಿಂದ ಇನ್ನೊಂದಕ್ಕೆ, ಒಂದು ಮರದಿಂದ ಇನ್ನೊಂದಕ್ಕೆ ಪ್ರಯಾಣ.

ಈಜುವ ಹೊತ್ತಿನಲ್ಲಿ ಆ ಬೀಜಾಣುವಿಗೆ ಮೈಮೇಲೆ ಗೋಡೆಯಿಲ್ಲ. ಅದರ ಇಡೀ ಬಾಳಿನಲ್ಲಿ ನಮಗೆ ಸುಲಭವಾಗಿ ಸಿಗುವ ಗಳಿಗೆ ಅದೊಂದೇ. ಮೈಲುತುತ್ತದ ಮದ್ದು ಕೆಲಸ ಮಾಡುವುದೂ ಆ ಗಳಿಗೆಯಲ್ಲೇ.

ಮದ್ದಿನ ಹುಟ್ಟಿನ ಕತೆ ಮಾವಿನ ತೋಪು ಕಾಯುವ ನಮ್ಮವರಿಗೆ ಹಿಡಿಸುವಂಥದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯುತ್ತಿದ್ದರಂತೆ. ಕಳ್ಳರು ವಿಷವೆಂದು ಹೆದರಲಿ ಎಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ, ಬೂಜುರೋಗದಿಂದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿ ನಿಂತಿದ್ದರೂ ರಸ್ತೆಬದಿಯವು ಹಸಿರಾಗಿರುವುದನ್ನು ಕಂಡ. ಪರೀಕ್ಷೆಗಳ ನಂತರ 1885ರಲ್ಲಿ ಲೋಕಕ್ಕೆ ತಿಳಿಸಿದ. ಬೋರ್ಡೋ ಮಿಶ್ರಣ ಎಂಬ ಹೆಸರು ಬಂದದ್ದು ಹೀಗೆ.

ಮಲೆನಾಡಿಗೆ ಇದನ್ನು ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆ ಕೊಳೆರೋಗದ ಬಗ್ಗೆ ಅವರ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ದಾರಿ. ಅಡಿಕೆ ಹಾಳೆಯನ್ನೋ ಹುಲ್ಲನ್ನೋ ಹೊದಿಸಿ, ಕಾಯಿಯ ಮೇಲೆ ನೀರೇ ನಿಲ್ಲದಂತೆ ಮಾಡುತ್ತಿದ್ದರು. ರೋಗದ ಜೀವಿಯನ್ನು ಕಂಡಿರದ ಜನ ಅದರ ದಾರಿಯನ್ನು ಮಾತ್ರ ಸರಿಯಾಗಿಯೇ ಗುರುತಿಸಿದ್ದರು.

ಭಾವ ಮದ್ದು ಕಾಸುವುದನ್ನು ನೋಡಬೇಕು. ಕಾಸುವುದು ಅನ್ನುವುದು ನನ್ನ ಮಾತು, ಒಲೆಯ ಕೆಲಸ ಏನೂ ಇಲ್ಲ. 100 ಲೀಟರ್ ಮದ್ದಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಒಳ್ಳೆಯ ಸುಣ್ಣ. ತುತ್ತವನ್ನು 50 ಲೀಟರ್ ನೀರಿನಲ್ಲಿ ಒಂದು ಕಡೆ ಕರಗಿಸುತ್ತಾರೆ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ತಿಳಿಹಾಲು ಮಾಡಿ ಸೋಸುತ್ತಾರೆ. ಆಮೇಲೆ ತುತ್ತದ ನೀರನ್ನು ಸುಣ್ಣದ ಹಾಲಿಗೆ ನಿಧಾನ ಸುರಿಯುತ್ತಾ ಕೋಲಿನಿಂದ ತಿರುವುತ್ತಾರೆ. ತಿರುಗುಮುರುಗು ಮಾಡಿ ಸುಣ್ಣವನ್ನು ತುತ್ತಕ್ಕೆ ಸುರಿದರೆ ಗಷ್ಟು ದಪ್ಪಗಾಗಿ ಬೇಗ ತಳ ಹಿಡಿಯುತ್ತದೆ, ಕಾಯಿಗೆ ಅಂಟುವುದಿಲ್ಲ. ಸರಿಯಾಗಿ ಕೂಡಿದರೆ ಆಕಾಶದ ನೀಲಿ, ನುಣ್ಣನೆಯ ಮದ್ದು. ಪಾತ್ರೆ ಕಬ್ಬಿಣದ್ದಾಗಿರಬಾರದು, ಪ್ಲಾಸ್ಟಿಕ್ ಡ್ರಮ್ಮೇ ಸರಿ.

ಕೊನೆಗೆ ಒಂದು ಉಜ್ಜಿದ ಕತ್ತಿಯನ್ನು ಮದ್ದಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಕತ್ತಿಯ ಮೇಲೆ ಕೆಂಪು ಹತ್ತಿದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಕತ್ತಿ ಬಿಳಿಯಾಗಿ ಬರುವ ತನಕ ಸುಣ್ಣದ ಹಾಲು ಸೇರಿಸುತ್ತಾರೆ. ತೂಕ ಸರಿಯಿದ್ದೂ ಹೀಗಾಗುವುದುಂಟು. ಗಾಳಿಯಾಡಿ ಹಳತಾದ ಸುಣ್ಣಕ್ಕೆ ಕಸುವಿರುವುದಿಲ್ಲ. ಕಲಸಿದ ಮದ್ದನ್ನು ಅಂದೇ ಮುಗಿಸಬೇಕು. ನಾಳೆಗೆ ಇಟ್ಟರೆ ಹರಳುಗಟ್ಟಿ ಅಂಟುವ ಗುಣ ಹೋಗುತ್ತದೆ.

ಸುಣ್ಣ ಸೇರಿದ ತಾಮ್ರ ನೀರಿನಲ್ಲಿ ಕರಗುವುದಿಲ್ಲ. ಕಾಯಿಯ ಮೇಲೆ ಒಣಗಿ ತೆಳುಪದರವಾಗಿ ಕೂತಿರುತ್ತದೆ. ಮಳೆನೀರಿಗೂ ಮೊಳೆಯುವ ಬೀಜಾಣುವಿನ ಮೈಯಿಂದ ಒಸರುವ ಹುಳಿಗೂ ಅದು ಚೂರುಚೂರೇ ಕರಗಿ, ಬೀಜಾಣುವಿನೊಳಗೆ ಹೊಕ್ಕು, ಅದರ ಪ್ರೋಟೀನುಗಳಿಗೆ ಅಂಟಿಕೊಂಡು ಕೊಲ್ಲುತ್ತದೆ. ಅಂದರೆ ಇದು ತೋಪಿನ ಕಾವಲುಗಾರನಷ್ಟೇ: ಕಳ್ಳ ಬೇಲಿ ದಾಟುವ ಮೊದಲು ಅಲ್ಲಿರಬೇಕು. ಸಿಪ್ಪೆಯೊಳಗೆ ಇಳಿದ ರೋಗವನ್ನು ತಾಮ್ರ ಮುಟ್ಟಲಾರದು.

ಇದನ್ನು ಮರೆತರೆ ಆಗುವುದೇನು ಎಂದು ಭಾವನ ನೆರೆಯ ತೋಟವೊಂದರಲ್ಲಿ ಕಂಡೆ. ಮೊದಲ ಮದ್ದು ರೋಹಿಣಿ ಮಳೆಯಲ್ಲಿ, ಮುಂಗಾರು ಕೂರುವ ಮೊದಲೇ ಬಿದ್ದಿತ್ತು. ಎರಡನೆಯದು 40-45 ದಿನಕ್ಕೆ ಬೀಳಬೇಕು. ಅಷ್ಟರಲ್ಲಿ ಕಾಯಿ ಬೆಳೆದು ಸಿಪ್ಪೆ ಹಿಗ್ಗಿ, ಹಳೆಯ ಪದರದ ನಡುವೆ ಬರಿ ಮೈ ತೆರೆದುಕೊಂಡಿರುತ್ತದೆ. ಆದರೆ ಪುನರ್ವಸು ಬಿಡುವು ಕೊಡಲಿಲ್ಲ. ಒದ್ದೆ ಮರ ಹತ್ತಲು ಕೊನೆಗೌಡ ಒಪ್ಪಲಿಲ್ಲ. ಒಪ್ಪಿದ್ದರೂ ಮದ್ದು ಒಣಗಲು ಕೆಲವು ಗಂಟೆ ಬಿಸಿಲೋ ಗಾಳಿಯೋ ಬೇಕಲ್ಲ. ಪುಷ್ಯದಲ್ಲಿ ಹೊಳವಾದಾಗ ಹೊಡೆಸಿದರು. ಆಮೇಲೂ ಒಂದು ವಾರ ಕಾಯಿ ಉದುರಿತು. ಯಜಮಾನರು ತುತ್ತ ಕಲಬೆರಕೆ ಎಂದು ಕೂಗಾಡಿದರು. ಭಾವ ಉದುರಿದ್ದನ್ನು ತಿರುಗಿಸಿ ನೋಡಿ, "ಇವು ಮದ್ದಿಗೆ ಮೊದಲೇ ಹಿಡಿದವು. ಹಿಡಿಯದ ಕೊನೆ ನೋಡಿ, ಒಂದೂ ಬಿದ್ದಿಲ್ಲ" ಅಂದರು. ಬಿದ್ದದ್ದನ್ನು ಹೆಕ್ಕಿ ತೋಟದಿಂದ ಹೊರಗೆ ಸಾಗಿಸಿದ ಮೇಲೆ, ಮೂರನೆಯ ಮದ್ದಿಗೆ ಉಳಿದ ಬೆಳೆ ನಿಂತಿತು.

ಈಗ ಬಯಲುಸೀಮೆಯಲ್ಲೂ ಕೊಳವೆಬಾವಿ ನೆಚ್ಚಿ ಅಡಿಕೆ ಇಡುವವರು ಹೆಚ್ಚಿದ್ದಾರೆ. ಬೇಸಿಗೆಯಲ್ಲಿ ಕಾಯಿ ಉದುರಿದರೆ ಸಾಕು, ತುತ್ತ ಎಷ್ಟು ಹಾಕಬೇಕು ಎಂದು ನನ್ನನ್ನು ಕೇಳುತ್ತಾರೆ. ಅಕ್ಕನ ಮನೆಯ ಪುಣ್ಯದಿಂದ ನಾನೂ ಒಬ್ಬ ಪಂಡಿತ. ನಾನು ಉದುರಿದ ಕಾಯಿ ತರಿಸುತ್ತೇನೆ. ತೊಟ್ಟಿನ ಬಳಿ ಒದ್ದೆ ಮಚ್ಚೆಯಿಲ್ಲ, ನಾಲ್ಕಾರು ದಿನ ಇಟ್ಟರೂ ಬಿಳಿ ಬೂಷ್ಟಿಲ್ಲ ಎಂದರೆ ಅದು ಕೊಳೆಯಲ್ಲ. ಬಾಯಾರಿಕೆಯೋ ತಿಗಣೆಯೋ ಇರಬೇಕು. ತುತ್ತದ ದುಡ್ಡಿನಲ್ಲಿ ಡ್ರಿಪ್ಪಿನ ಕಟ್ಟಿದ ತೂತು ಬಿಡಿಸಿ ಅನ್ನುತ್ತೇನೆ. ಹೊಡೆದ ತಾಮ್ರ ಎಲ್ಲಿಗೂ ಹೋಗುವುದಿಲ್ಲ, ವರ್ಷವರ್ಷವೂ ಮಣ್ಣಿನಲ್ಲೇ ಸೇರಿ ಕೂರುತ್ತದೆ. ಕೊಳೆ ಇರುವ ಊರಿನವರು ಬೇರೆ ದಾರಿಯಿಲ್ಲದೆ ಅದನ್ನು ಒಪ್ಪಿಕೊಂಡಿದ್ದಾರೆ. ನಮಗೆ ಆ ಮಳೆಯೂ ಇಲ್ಲ, ಆ ಕಟ್ಟಳೆಯೂ ಬೇಡ.