ಜೇಬಿನ ಕೆಳಗಿನ ನೀಲಿ

ನಾವು ನಾಲ್ವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಹೀಗೆ ತಾಲ್ಲೂಕಿಗೊಬ್ಬರು. ಪತ್ರಿಕೋದ್ಯಮ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ಈಗ ರಾಮನಗರದಲ್ಲಿ ಒಂದು ಬಾಡಿಗೆ ಮನೆ ಹಿಡಿದುಕೊಂಡಿದ್ದೇವೆ. ವರದಿಗೆ ಹೊರಟರೆ ಎರಡು ಮೂರು ಬಾಲ್‌ಪೆನ್ ಜೇಬಿನಲ್ಲಿ ಇದ್ದೇ ಇರುತ್ತವೆ. ಅದರಲ್ಲಿ ಒಂದನ್ನು ನಮ್ಮ ಕನಕಪುರದ ಗೆಳೆಯ ಒಂಬತ್ತನೇ ಕ್ಲಾಸಿನ ತಮ್ಮನಿಗೆ ಕೊಟ್ಟಿದ್ದ. ಅದಕ್ಕೆ ಕ್ಯಾಪ್ ಇರಲಿಲ್ಲ.

ಹುಡುಗ ಅದನ್ನು ಯೂನಿಫಾರ್ಮ್ ಜೇಬಿಗೆ ತಲೆಕೆಳಗಾಗಿ ಸಿಕ್ಕಿಸಿಕೊಂಡು ಬಿಸಿಲಲ್ಲಿ ಆಟ ಆಡಿದ್ದಾನೆ. ಸಂಜೆ ಮನೆಗೆ ಬಂದಾಗ ಜೇಬಿನ ತಳದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ನೀಲಿ ಕಲೆ. ಅವರಮ್ಮ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಮೇಲೆ ಬಿಸಿನೀರಲ್ಲಿ ನೆನೆಸಿ, ಬಾರ್ ಸೋಪು ಹಾಕಿ, ಬ್ರಷ್‌ನಲ್ಲಿ ತಿಕ್ಕಿದ್ದಾರೆ. ಕಲೆ ಹೋಗಲಿಲ್ಲ. ಬೆಳಿಗ್ಗೆ ಸ್ಕೂಲಿಗೆ ಹೊತ್ತಾಯಿತೆಂದು ಹಾಗೇ ಇಸ್ತ್ರಿ ಮಾಡಿ ಕೊಟ್ಟಿದ್ದಾರೆ. ಇನ್ನೊಂದು ಜೊತೆಯ ಬಟ್ಟೆ ಟೈಲರ್ ಹತ್ತಿರ ಮೂರು ವಾರದಿಂದ ಕೂತಿತ್ತು. ಕ್ಲಾಸಿನಲ್ಲಿ ಯಾರೋ ಅವನನ್ನು 'ಇಂಕು ಬಾಟ್ಲಿ' ಅಂದರಂತೆ. ಮಾರನೇ ದಿನ ಅವನಿಗೆ ಹೊಟ್ಟೆನೋವು, ಅದರ ಮಾರನೇ ದಿನವೂ ಹೊಟ್ಟೆನೋವು. ಶನಿವಾರ ಸಂಜೆ ನಮ್ಮ ಗೆಳೆಯ ಆ ಅಂಗಿಯನ್ನು ಕವರಿನಲ್ಲಿ ಹಾಕಿಕೊಂಡು ರೂಮಿಗೆ ಬಂದ. "ಪೆನ್ನು ನಂದು ಕಣ್ರೋ. ಸೋಮವಾರದೊಳಗೆ ಏನಾದ್ರೂ ಮಾಡ್ಬೇಕು" ಅಂದ.

ನಾವು ನಾಲ್ವರೂ ಮನೆಗೆ ಫೋನ್ ಮಾಡಿದೆವು. ಮಾಗಡಿಯಿಂದ ಬಂದ ಉತ್ತರ ನಿಂಬೆಹಣ್ಣು, ಉಪ್ಪು. ರಾಮನಗರದ ಅಮ್ಮ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ಅಂದರು. ಕನಕಪುರದ ಅಜ್ಜಿ ಸೀಮೆಎಣ್ಣೆ ಅಂದರು. ಚನ್ನಪಟ್ಟಣದ ಮನೆಯಲ್ಲಿ ಫೋನ್ ಎತ್ತಿಕೊಂಡದ್ದು ತಾತ. ಅವರು ದಶಕಗಳ ಕಾಲ ಬೊಂಬೆ ಕಡೆದವರು. "ಸ್ಪಿರಿಟ್ ಹಾಕ್ರಪ್ಪ. ಅರಗು ನೀರಿಗೆ ಕರಗ್ತದಾ?" ಎಂದು ಕೇಳಿ ಫೋನ್ ಇಟ್ಟುಬಿಟ್ಟರು.

ಇರುವುದೊಂದೇ ಅಂಗಿ, ಅದರ ಮೇಲೆ ನಾಲ್ಕೂ ಪ್ರಯೋಗ ಮಾಡುವ ಧೈರ್ಯ ನಮಗಿರಲಿಲ್ಲ. ನಮ್ಮದೊಂದು ಹಳೆಯ ಟೆರಿಕಾಟ್ ಅಂಗಿಯ ಮೇಲೆ ಅದೇ ಥರದ ಪೆನ್ನಿನಲ್ಲಿ ನಾಲ್ಕು ಕಡೆ ದಪ್ಪಗೆ ಗೀಚಿ, ಸೋಪಿನಲ್ಲಿ ಒಗೆದು, ಇಸ್ತ್ರಿ ಮಾಡಿದೆವು. ಆಮೇಲೆ ಒಂದೊಂದು ಕಲೆಗೆ ಒಂದೊಂದು ಮದ್ದು. ನಿಂಬೆ-ಉಪ್ಪಿಗೆ ಕಲೆ ಜಗ್ಗಲಿಲ್ಲ, ಅದು ಕಬ್ಬಿಣದ ತುಕ್ಕಿನ ಕಲೆಗೆ ಸರಿ. ಟೂತ್‌ಪೇಸ್ಟ್ ತಿಕ್ಕಿದಲ್ಲಿ ಬಣ್ಣ ಸ್ವಲ್ಪ ತೆಳುವಾಯಿತು, ಆದರೆ ಪೇಸ್ಟಿನಲ್ಲಿರುವ ಸಣ್ಣ ಪುಡಿ ಬಟ್ಟೆಯ ಮೈಯನ್ನೇ ಉಜ್ಜಿ ಜುಂಗು ಎಬ್ಬಿಸಿತು. ಸೀಮೆಎಣ್ಣೆಯಿಂದ ಕಲೆಯ ಸುತ್ತ ಎಣ್ಣೆಯ ಮಚ್ಚೆಯೊಂದು ಸೇರಿಕೊಂಡಿತು, ವಾಸನೆ ರೂಮೆಲ್ಲ ತುಂಬಿತು. ಸ್ಪಿರಿಟ್ ಹಾಕಿದ ಕಡೆ ಮಾತ್ರ ಒಂದು ನಿಮಿಷದಲ್ಲಿ ಕೆಳಗಿಟ್ಟ ಬಿಳಿ ಬಟ್ಟೆ ನೀಲಿಯಾಯಿತು.

ತಾತ ಕೇಳಿದ ಪ್ರಶ್ನೆಯಲ್ಲೇ ಕಾರಣವೂ ಇತ್ತು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಚ್ಚುವುದು ಕುಂಚದಿಂದಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ, ತಣ್ಣಗಾದ ಮೇಲೆ ನೀರಿಗೆ ಬಿಡುವುದಿಲ್ಲ. ಸ್ಪಿರಿಟ್ ಬಿದ್ದರೆ ಮಾತ್ರ ಕರಗುತ್ತದೆ. ಬಾಲ್‌ಪೆನ್ನಿನ ಇಂಕೂ ಹೆಚ್ಚುಕಡಿಮೆ ಅದೇ ಜಾತಿ. ಅದರಲ್ಲಿ ನೀರಿಲ್ಲ. ಮಂದವಾದ ದ್ರಾವಕದಲ್ಲಿ ಬಣ್ಣವನ್ನೂ ಅಂಟನ್ನೂ ಕಲಸಿ ಮಾಡಿದ್ದು. ನಮ್ಮ ಕಸುಬಿಗೂ ಅದಕ್ಕೂ ಒಂದು ನಂಟಿದೆ: 1938ರಲ್ಲಿ ಬಾಲ್‌ಪೆನ್ನಿಗೆ ಪೇಟೆಂಟ್ ಪಡೆದ ಹಂಗೇರಿಯ ಲಾಸ್ಲೊ ಬಿರೊ ಪತ್ರಕರ್ತ. ಪತ್ರಿಕೆಯ ಮುದ್ರಣದ ಇಂಕು ಬೇಗ ಒಣಗುತ್ತದೆ, ಕೈಗೆ ಮೆತ್ತುವುದಿಲ್ಲ ಎಂಬುದನ್ನು ಕಂಡು, ಅಷ್ಟು ಮಂದದ ಇಂಕು ನಿಬ್ಬಿನಲ್ಲಿ ಇಳಿಯದೆಂದು ತುದಿಗೆ ಗುಂಡು ಕೂರಿಸಿದ. ಕಾಗದದ ಮೇಲೆ ಬೇಗ ಒಣಗಿ ಅಂಟಿಕೊಳ್ಳುವ ಗುಣವೇ ಅಂಗಿಯ ಮೇಲೆ ನಮಗೆ ಕಾಟ.

ಹಾಗಾಗಿ ಅವರಮ್ಮನ ಬ್ರಷ್ಷು ಸೋತದ್ದು ಅವರ ತಪ್ಪಲ್ಲ. ನೀರಿಗೂ ಸೋಪಿಗೂ ಆ ಅಂಟು ಬಿಡುವುದಿಲ್ಲ. ಬ್ರಷ್ ಕಲೆಯನ್ನು ನೂಲಿನ ಸಂದಿಗೆ ತಳ್ಳುತ್ತದೆ. ಇಸ್ತ್ರಿಯ ಬಿಸಿಗೆ ಅಂಟು ಮೆತ್ತಗಾಗಿ, ಕಡ್ಡಿಯ ಅರಗು ಮರಕ್ಕೆ ಹಿಡಿದಂತೆ ಬಟ್ಟೆಗೆ ಹಿಡಿಯುತ್ತದೆ. ಕಲೆ ಹೋಗುವವರೆಗೆ ಇಸ್ತ್ರಿ ಬೇಡ, ಬಿಸಿನೀರೂ ಬೇಡ.

ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ನೂರು ಎಂಎಲ್ ಸರ್ಜಿಕಲ್ ಸ್ಪಿರಿಟ್ ಮತ್ತು ಒಂದು ಸಣ್ಣ ಬಾಟಲಿ ಗ್ಲಿಸರಿನ್ ತಂದೆವು. ಇವು ಸಿಗದಿದ್ದರೆ ಕೊರೊನಾ ಕಾಲದಲ್ಲಿ ಉಳಿದ ಬಣ್ಣವಿಲ್ಲದ ಸ್ಯಾನಿಟೈಸರ್ ಆದರೂ ಆದೀತು, ಅದರಲ್ಲಿರುವುದೂ ಮುಖ್ಯವಾಗಿ ಆಲ್ಕೋಹಾಲೇ. ಸ್ಪಿರಿಟ್ ತಟ್ಟನೆ ಹತ್ತಿಕೊಳ್ಳುವ ವಸ್ತು. ಸ್ಟೌ ಆರಿಸಿ, ಊದುಬತ್ತಿ ನಂದಿಸಿ, ಕಿಟಕಿ ತೆರೆದು ಕೂತೆವು.

ಮೊದಲು ಅಂಗಿಯ ಒಳಮಡಿಕೆಯಲ್ಲಿ, ಯಾರಿಗೂ ಕಾಣದ ಕಡೆ, ಒಂದು ಹನಿ ಸ್ಪಿರಿಟ್ ಬಿಟ್ಟು ಬಿಳಿ ಬಟ್ಟೆಯಿಂದ ಒತ್ತಿದೆವು. ಅಂಗಿ ತಿಳಿನೀಲಿ, ಅದರ ಬಣ್ಣವೇ ಬಿಟ್ಟರೆ ಕೆಲಸ ಅಲ್ಲಿಗೇ ನಿಲ್ಲಿಸಬೇಕು. ಬಿಡಲಿಲ್ಲ. ಆಮೇಲೆ ಕಲೆಗೆ ಎರಡೂ ಕಡೆಯಿಂದ ಒಂದು ಚಮಚ ಗ್ಲಿಸರಿನ್ ಸವರಿ ಅರ್ಧ ಗಂಟೆ ಬಿಟ್ಟೆವು. ಹೊಸ ಕಲೆಗೆ ಇದು ಬೇಕಿಲ್ಲ. ಒಣಗಿ, ಇಸ್ತ್ರಿಯ ಬಿಸಿ ತಿಂದು ಗಟ್ಟಿಯಾದ ಕಲೆಯನ್ನು ಮೆದುವಾಗಿಸಲು ಮಾತ್ರ.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಆತುರಕ್ಕೆ ಬಿದ್ದು ಮುಂಭಾಗದಿಂದಲೇ ಕಲೆಯ ಮೇಲೆ ಸ್ಪಿರಿಟ್ ಸುರಿದೆವು, ಕೆಳಗೆ ಏನನ್ನೂ ಇಟ್ಟಿರಲಿಲ್ಲ. ಕರಗಿದ ಬಣ್ಣ ಹೋಗಲು ದಾರಿಯಿಲ್ಲದೆ ಸುತ್ತಲೂ ಹಬ್ಬಿತು. ನಾಣ್ಯದಷ್ಟಿದ್ದದ್ದು ನೋಡನೋಡುತ್ತ ಅಂಗೈಯಗಲದ ನೇರಳೆ ಉಂಗುರವಾಯಿತು. ಕನಕಪುರದ ಗೆಳೆಯ ಮುಖ ಆಚೆ ತಿರುಗಿಸಿದ. ಚನ್ನಪಟ್ಟಣದವನು ಮತ್ತೆ ತಾತನಿಗೆ ಫೋನ್ ಮಾಡಿದ. ತಾತ ಬೈಯಲಿಲ್ಲ. "ಕರಗಿಸಿದ್ರೆ ಸಾಕಾ? ಕರಗಿದ್ದನ್ನ ಎತ್ಕೋಬೇಕಲ್ಲ" ಅಂದರು.

ಕಲೆ ತೆಗೆಯುವುದೆಂದರೆ ಅಷ್ಟೇ. ಬಣ್ಣ ನಾಶವಾಗುವುದಿಲ್ಲ, ಅಂಗಿಯಿಂದ ಇನ್ನೊಂದು ಬಟ್ಟೆಗೆ ಹೋಗುತ್ತದೆ. ಹಳೆಯ ಬಿಳಿ ಬನಿಯನ್ ಕತ್ತರಿಸಿ, ಎಂಟು ಮಡಿಕೆ ಮಾಡಿ ಜೇಬಿನ ಕೆಳಗಿಟ್ಟೆವು. ಅಂಗಿಯನ್ನು ಒಳಮುಖ ತಿರುಗಿಸಿ, ಕಲೆ ಕೆಳಗೆ ಬನಿಯನ್ನಿಗೆ ತಾಗುವಂತೆ ಹಾಸಿದೆವು. ಹತ್ತಿಯುಂಡೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಹಿಂಭಾಗದಿಂದ, ಉಂಗುರದ ಹೊರ ಅಂಚಿನಿಂದ ನಡುವಿಗೆ ಒತ್ತುತ್ತಾ ಬಂದೆವು. ಉಜ್ಜಲಿಲ್ಲ, ಬರೀ ಒತ್ತಿದ್ದು. ಹತ್ತು ಹದಿನೈದು ಸಲ ಒತ್ತಿ ಎತ್ತಿ ನೋಡಿದರೆ ಬನಿಯನ್ ಮೇಲೆ ನೀಲಿ ಅಚ್ಚು. ಆಗ ಮಡಿಕೆ ತಿರುಗಿಸಿ ಹೊಸ ಬಿಳಿ ಭಾಗ ಇಡಬೇಕು. ಹಾಗೆ ಮಾಡದಿದ್ದರೆ ಎತ್ತಿಕೊಂಡ ಬಣ್ಣವೇ ವಾಪಸ್ ಬರುತ್ತದೆ. ಸ್ಪಿರಿಟ್ ಆರಲು ಬಿಟ್ಟರೂ ಹಾಗೇ, ಬಣ್ಣ ಇದ್ದಲ್ಲೇ ಕೂರುತ್ತದೆ.

ಸುಮಾರು ಹತ್ತು ನಿಮಿಷದ ಒಂದು ಸುತ್ತು, ಅಂಥ ನಾಲ್ಕು ಸುತ್ತು. ಅರ್ಧಕ್ಕಿಂತ ಹೆಚ್ಚು ಸ್ಪಿರಿಟ್ ಖರ್ಚಾಯಿತು. ಎರಡನೇ ಸುತ್ತಿಗೆ ಉಂಗುರ ಹೋಯಿತು. ನಾಲ್ಕನೆಯದರಲ್ಲಿ ಬನಿಯನ್ನಿಗೆ ಹೊಸ ಬಣ್ಣ ಅಂಟುವುದು ನಿಂತಿತು. ಇನ್ನು ಸ್ಪಿರಿಟ್‌ನಿಂದ ಲಾಭವಿಲ್ಲ ಎಂದು ತಿಳಿಯುವುದೇ ಹಾಗೆ. ಅಂಗಿ ಒಣಗುವ ಮೊದಲೇ ಲಿಕ್ವಿಡ್ ಡಿಟರ್ಜೆಂಟ್ ಹಚ್ಚಿ, ಬೆರಳಿನಲ್ಲಿ ಮೆಲ್ಲಗೆ ತೀಡಿ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದೆವು. ಬ್ಲೀಚ್ ಹಾಕೋಣವೇ ಎಂದು ಒಬ್ಬರು ಕೇಳಿದ್ದುಂಟು. ಬೇಡವೆಂದೆವು, ಕಲೆಗಿಂತ ಮೊದಲು ತಿಳಿನೀಲಿ ಬಟ್ಟೆಯೇ ಬೆಳ್ಳಗಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಜಾಲಿಸಿ, ಇಸ್ತ್ರಿ ಮಾಡದೆ, ನೆರಳಲ್ಲಿ ಒಣಹಾಕಿ ನೋಡಿದೆವು. ಒದ್ದೆ ಬಟ್ಟೆಯಲ್ಲಿ ಕಲೆಯ ಲೆಕ್ಕ ಸಿಗುವುದಿಲ್ಲ, ಒಣಗಿದ ಮೇಲೆಯೇ ನೋಡಬೇಕು. ಜೇಬಿನ ಮೈ ಸ್ವಚ್ಛವಾಗಿತ್ತು. ತಳದ ಹೊಲಿಗೆಯಲ್ಲಿ ಮಾತ್ರ ಬೆರಳುದ್ದದ ತೆಳು ನೇರಳೆ ಗೆರೆ ಉಳಿದಿತ್ತು. ಅಲ್ಲಿ ಬಟ್ಟೆ ಮಡಿಕೆ ಮೇಲೆ ಮಡಿಕೆ, ನಡುವಿನ ಇಂಕನ್ನು ಬನಿಯನ್ ಮುಟ್ಟಿರಲೇ ಇಲ್ಲ. ಗ್ಲಿಸರಿನ್‌ನಿಂದ ಶುರುಮಾಡಿ ಇನ್ನೊಂದು ಸುತ್ತು ಮಾಡಿದೆವು. ಗೆರೆ ಇನ್ನಷ್ಟು ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಹೊಲಿಗೆ ಬಿಚ್ಚಿ ತೆಗೆಯಬಹುದಿತ್ತು. ಮೂರಡಿ ದೂರದಿಂದ ಕಾಣುತ್ತದೆಯೇ ಎಂದು ನಾಲ್ವರೂ ಸರದಿಯಂತೆ ನಿಂತು ನೋಡಿ, ಕಾಣುವುದಿಲ್ಲ ಎಂದಾದ ಮೇಲೆ ಬಿಟ್ಟೆವು.

ಈ ದಾರಿ ಎಲ್ಲ ಪೆನ್ನಿಗೂ ನಡೆಯುವುದಿಲ್ಲ. ಕಲೆಯ ಮೇಲೆ ಒಂದು ಹನಿ ನೀರು ಬಿಟ್ಟು ಬಿಳಿ ಬಟ್ಟೆ ಒತ್ತಿ. ನೀರಿಗೇ ಬಣ್ಣ ಬಿಟ್ಟರೆ ಅದು ಇಂಕ್‌ಪೆನ್ನಿನದು, ತಣ್ಣೀರು ಸೋಪಿನಿಂದ ಶುರುಮಾಡಬಹುದು. ನೀರಿಗೆ ಬಿಡದೆ ಸ್ಪಿರಿಟ್‌ಗೆ ಬಿಟ್ಟರೆ ಬಾಲ್‌ಪೆನ್ನಿನದು. ಎರಡಕ್ಕೂ ಬಿಡದಿದ್ದರೆ ಬಹುಶಃ ಜೆಲ್ ಪೆನ್ನು. ಕೆಲವು ಜೆಲ್ ಇಂಕಿನ ಬಣ್ಣ ಕರಗುವಂಥದ್ದೇ ಅಲ್ಲ, ಸಣ್ಣ ಪುಡಿ. ಅದರ ಮೇಲೆ ಸ್ಪಿರಿಟ್ ಸುರಿದು ದುಡ್ಡು ಕಳೆದುಕೊಳ್ಳಬೇಡಿ.

ಭಾನುವಾರ ಸಂಜೆಯ ಬಸ್ಸಿಗೆ ಅಂಗಿ ಕನಕಪುರಕ್ಕೆ ಹೋಯಿತು. ಅವರಮ್ಮ ಜೇಬನ್ನು ಒಳಗೆ ಹೊರಗೆ ತಿರುಗಿಸಿ ನೋಡಿ, "ನಾನು ಎಷ್ಟು ತಿಕ್ಕಿದ್ರೂ ಹೋಗ್ಲಿಲ್ವಲ್ಲಪ್ಪಾ" ಅಂದರಂತೆ. ತಿಕ್ಕಿದ್ದಕ್ಕೇ ಹೋಗಲಿಲ್ಲ ಎಂದು ಹೇಳುವ ಮನಸ್ಸು ನಮ್ಮ ಗೆಳೆಯನಿಗೆ ಬರಲಿಲ್ಲ. ಉಳಿದ ಸ್ಪಿರಿಟ್ ಬಾಟಲಿಯನ್ನೂ ಬನಿಯನ್ ತುಂಡನ್ನೂ ಅವರ ಕೈಗೆ ಕೊಟ್ಟು, ಒತ್ತುವುದು ಹೇಗೆಂದು ತೋರಿಸಿ ಬಂದ.

ಸೋಮವಾರ ಹುಡುಗನಿಗೆ ಹೊಟ್ಟೆನೋವು ಇರಲಿಲ್ಲ. ಅವನ ಜೇಬಿನಲ್ಲಿ ಪೆನ್ನೂ ಇರಲಿಲ್ಲ, ಬ್ಯಾಗಿನಲ್ಲಿತ್ತು. ಅದಕ್ಕೆ ಕ್ಯಾಪ್ ಇತ್ತು.