ಬೇಡ ಅನ್ನೋಕೆ ಆರು ದಿನ

ಕಳೆದ ಏಪ್ರಿಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ ಇದ್ವಿ. ಒಂದು ಕುಕ್ಕರ್, ಎರಡು ಬೆಡ್‌ರೂಮ್, ಎಲ್ಲರಿಗೂ ಒಂದೇ ಚಿಂತೆ. ನಮ್ಮಲ್ಲಿ ಹಾಸನದವನು ಮೇ ತಿಂಗಳಲ್ಲಿ ಮಾಸ್ಟರ್ಸ್ ಮುಗಿಸುವವನಿದ್ದ. ದಾವಣಗೆರೆಯವನು ಡಿಸೆಂಬರ್‌ನಲ್ಲೇ ಮುಗಿಸಿ, ಒಪಿಟಿ ಶುರುವಾಗಿ, ಕೆಲಸವಿಲ್ಲದ ದಿನಗಳನ್ನು ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ತಿದ್ದ. ಅಮೆರಿಕದಲ್ಲಿ ಓದುವ ನಮಗೆಲ್ಲ ಗೊತ್ತಿರೋದೇ: ಮೊದಲ ಒಂದು ವರ್ಷದ ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರೋ ಹಾಗಿಲ್ಲ.

ಹಾಸನದವನಿಗೆ ಮೊದಲು ಒಂದು ಸಣ್ಣ ಕಂಪನಿಯಿಂದ ಆಫರ್ ಬಂತು. ವರ್ಷಕ್ಕೆ 92,000 ಡಾಲರ್, ಉತ್ತರ ಕೊಡೋಕೆ ಹತ್ತು ದಿನ. ಮನೆಯಲ್ಲಿ ಪಾಯಸ ಆಯ್ತು. ಆಮೇಲೆ ಆಫರ್ ಲೆಟರ್ ಓದುವಾಗ ಒಂದು ಪ್ರಶ್ನೆ ಬಂತು: ಈ ಕಂಪನಿ ಇ-ವೆರಿಫೈನಲ್ಲಿ ಇದೆಯಾ? ಇಲ್ಲ ಅಂತ ಗೊತ್ತಾಯ್ತು. ಸ್ಟೆಮ್ ಪದವಿಯವರಿಗೆ ಸಿಗುವ ಮುಂದಿನ 24 ತಿಂಗಳ ವಿಸ್ತರಣೆಗೆ ಕಂಪನಿ ಇ-ವೆರಿಫೈನಲ್ಲಿ ಇರಲೇಬೇಕು. ಅಂದರೆ ಮೊದಲ ವರ್ಷ ಮುಗಿಯುತ್ತಿದ್ದ ಹಾಗೆ ಮತ್ತೆ ಕೆಲಸ ಹುಡುಕಬೇಕು. ಅಷ್ಟರಲ್ಲಿ ಒಂದು ಗುರುವಾರ ಇನ್ನೊಂದು ಕಂಪನಿಯಿಂದ 86,000ದ ಆಫರ್ ಬಂತು. ಸಂಬಳ ಕಡಿಮೆ, ಆದರೆ ಇ-ವೆರಿಫೈ ಇತ್ತು. ಅವತ್ತೇ ರಾತ್ರಿ ಸಹಿ ಹಾಕಿದ. ಶುಕ್ರವಾರ ಆ ಕಡೆಯ ಸಹಿಯೂ ಸೇರಿದ ಪ್ರತಿ ಬಂತು.

ಶುಕ್ರವಾರವೇ ಮೊದಲ ಕಂಪನಿಗೆ "ಬರಲ್ಲ" ಅಂತ ಬರೀಬೇಕಿತ್ತು. ಅವನು ಬರೆಯಲಿಲ್ಲ, ನಾವು ಯಾರೂ ಬರೆಸಲಿಲ್ಲ. ಆ ರಿಕ್ರೂಟರ್ ಮೇಡಂ ಅವನ ಜೊತೆ ಐದು ಸಲ ಫೋನಲ್ಲಿ ಮಾತಾಡಿದ್ರು, ಇಂಟರ್‌ವ್ಯೂಗೆ ಮುಂಚೆ ಏನು ಓದಿಕೊಳ್ಳಬೇಕು ಅಂತಾನೂ ಹೇಳಿದ್ರು. ಅವರ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳೋದು? "ಕೊನೆ ದಿನ ಮುಂದಿನ ಶುಕ್ರವಾರ ತಾನೇ, ನೋಡೋಣ ಬಿಡು" ಅಂದ್ವಿ. ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್ ಇನ್ನೂ ನಡೀತಿದೆ ಅನ್ನೋ ನೆಪವೂ ಇತ್ತು. ಅದು ಪೂರ್ತಿ ಸುಳ್ಳು ನೆಪ ಅಲ್ಲ. ಇಲ್ಲಿ ಸಹಿ ಆದಮೇಲೂ ಆಫರ್ ವಾಪಸ್ ಹೋಗಬಹುದು. ಆದರೆ ಅವನ ರೆಸ್ಯೂಮೆಯಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಹೊಸ ಕಂಪನಿಯ ಎಚ್‌ಆರ್‌ಗೆ "ನನ್ನ ಕಡೆಯಿಂದ ಇನ್ನೇನಾದರೂ ಬಾಕಿ ಇದೆಯಾ?" ಅಂತ ಒಂದು ಸಾಲು ಕೇಳಿದ್ದರೆ ಒಂದೇ ದಿನದಲ್ಲಿ ಗೊತ್ತಾಗ್ತಿತ್ತು.

ಬುಧವಾರ ಸಂಜೆ ದಾವಣಗೆರೆಯವನು ಫೋನ್ ಇಟ್ಟು ಸುಮ್ಮನೆ ಕೂತ. ಅವನ ಲೆಕ್ಕದಲ್ಲಿ ಅದು 64ನೇ ದಿನ. ಬೇರೊಂದು ಕಂಪನಿಯಲ್ಲಿ ಮೂರು ಸುತ್ತು ಮುಗಿಸಿ ಎರಡು ವಾರದಿಂದ ಕಾಯ್ತಿದ್ದ. ಅವನಿಗಿಂತ ಮುಂದಿದ್ದ ಅಭ್ಯರ್ಥಿಗೆ ಆಫರ್ ಹೋಗಿತ್ತು. ಆ ಅಭ್ಯರ್ಥಿ ಕೊನೆ ದಿನದವರೆಗೂ ಎಳೆದು ಬೇಡ ಅಂದರಂತೆ. ಅಷ್ಟರಲ್ಲಿ ಕಂಪನಿ ಆ ಹುದ್ದೆಯನ್ನೇ ನಿಲ್ಲಿಸಿಬಿಟ್ಟಿತ್ತು. "ನಾಲ್ಕು ದಿನ ಮುಂಚೆ ಗೊತ್ತಾಗಿದ್ದರೆ ನಿಮಗೇ ಕೊಡ್ತಿದ್ವಿ" ಅಂತ ರಿಕ್ರೂಟರ್ ಹೇಳಿದ್ರಂತೆ.

ಯಾರೂ ಏನೂ ಮಾತಾಡಲಿಲ್ಲ. ಹಾಸನದವನು ತಟ್ಟೆ ಬಿಟ್ಟು ಎದ್ದು ಲ್ಯಾಪ್‌ಟಾಪ್ ತೆಗೆದ.

ಅವನ ಮೊದಲ ಕರಡು ನಾವೆಲ್ಲ ಸೇರಿ ಓದಿದ್ವಿ. ಹದಿನಾಲ್ಕು ಸಾಲು. ಮೊದಲ ಆರು ಸಾಲು ಕಂಪನಿಯ ಹೊಗಳಿಕೆ. ಓದಿದವರು ಇವನು ಸೇರ್ತಾನೆ ಅಂತಲೇ ಅಂದುಕೊಳ್ಳಬೇಕು. ಆಮೇಲೆ "ಕೆಲವು ವೈಯಕ್ತಿಕ ಕಾರಣಗಳಿಂದ". ಎರಡು ತಿಂಗಳಲ್ಲಿ ಲಿಂಕ್ಡ್‌ಇನ್‌ನಲ್ಲಿ ಹೊಸ ಕಂಪನಿಯ ಹೆಸರು ಕಾಣುವಾಗ ಈ ಮಾತು ಏನಾಗುತ್ತೆ? ಕೊನೆಗೆ "ಈ ಸಂದರ್ಭದಲ್ಲಿ ಸೇರಲು ಕಷ್ಟವಾಗಬಹುದು" ಅಂತ. ಊರಲ್ಲಿ ಮದುವೆಗೆ ಕರೆದಾಗ "ಬರೋಕೆ ಪ್ರಯತ್ನ ಮಾಡ್ತೀವಿ" ಅಂದರೆ ಬರಲ್ಲ ಅಂತ ಕರೆದವರಿಗೆ ಅರ್ಥ ಆಗುತ್ತೆ. ಇಲ್ಲಿಯ ರಿಕ್ರೂಟರ್‌ಗೆ "ಕಷ್ಟವಾಗಬಹುದು" ಅಂದರೆ ಇನ್ನೂ ಐದು ಸಾವಿರ ಕೊಟ್ಟರೆ ಬರ್ತಾನೆ ಅಂತ ಅರ್ಥ. ಪಾಪ, ಅವರು ಮ್ಯಾನೇಜರ್ ಹತ್ತಿರ ಹೋಗಿ ಜಗಳ ಆಡಿ ದುಡ್ಡು ಕೇಳಿ ತರ್ತಾರೆ. ಆಮೇಲೆ ಇವನು ಎರಡನೇ ಸಲ ಬೇಡ ಅನ್ನಬೇಕು. ಸಂಬಂಧ ಕೆಡೋದು ಅಲ್ಲಿ.

ಆ ಕರಡನ್ನು ಅಳಿಸಿದ್ವಿ. ಗುರುವಾರ ಬೆಳಗ್ಗೆ ಅವನು ಮೊದಲು ಫೋನ್ ಮಾಡಿದ, ಅವರು ಎತ್ತಲಿಲ್ಲ. ಆಫರ್ ಬಂದಿದ್ದ ಮೇಲ್‌ಗೇ ಉತ್ತರವಾಗಿ ಬರೆದ, ಹಾಗಾದರೆ ಅವರು ಹುಡುಕಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಹೋದದ್ದು ಕನ್ನಡದಲ್ಲಿ ಹೀಗಿದೆ:

"ನಮಸ್ಕಾರ. ನಿಮ್ಮ ಆಫರ್‌ಗೆ ಧನ್ಯವಾದ. ನಾನು ಬೇರೊಂದು ಕಂಪನಿಯ ಆಫರ್ ಒಪ್ಪಿಕೊಂಡಿದ್ದೇನೆ, ಹಾಗಾಗಿ ನಿಮ್ಮ ಆಫರ್ ಸ್ವೀಕರಿಸುತ್ತಿಲ್ಲ. ಈ ನಿರ್ಧಾರ ಅಂತಿಮ. ಇದನ್ನು ಇನ್ನೂ ಕೆಲವು ದಿನ ಮುಂಚೆ ತಿಳಿಸಬೇಕಿತ್ತು, ಕ್ಷಮಿಸಿ. ಟೆಕ್ನಿಕಲ್ ಇಂಟರ್‌ವ್ಯೂಗೆ ಮುಂಚೆ ನೀವು ನನ್ನ ಜೊತೆ ಕೂತು ತಂಡದ ಕೆಲಸ ವಿವರಿಸಿದ್ದು ನನಗೆ ತುಂಬಾ ಸಹಾಯವಾಯಿತು. ಮಾತಾಡುವುದಿದ್ದರೆ ಇವತ್ತು ಮತ್ತು ನಾಳೆ ಫೋನಿನಲ್ಲಿ ಸಿಗುತ್ತೇನೆ."

ನಿರ್ಧಾರ ಎರಡನೇ ಸಾಲಲ್ಲೇ ಇದೆ. ಹೊಸ ಕಂಪನಿಯ ಹೆಸರಿಲ್ಲ, ಸಂಬಳದ ಹೋಲಿಕೆ ಇಲ್ಲ. ಧನ್ಯವಾದ ಮಾತ್ರ ಆ ಮೇಡಂ ನಿಜವಾಗಿ ಮಾಡಿದ ಒಂದು ಕೆಲಸಕ್ಕೆ. ಇ-ವೆರಿಫೈ ವಿಷಯವನ್ನು ಬೇಕಂತಲೇ ಬಿಟ್ವಿ. ಬರೆದರೆ "ನಾವೂ ಅದಕ್ಕೆ ಸೇರ್ತೀವಿ, ಬಾ" ಅಂತ ಚರ್ಚೆ ಶುರುವಾಗಬಹುದಿತ್ತು, ಅವನಂತೂ ಆಗಲೇ ಬೇರೆ ಕಡೆ ಮಾತು ಕೊಟ್ಟಾಗಿತ್ತು. ಹೈರಿಂಗ್ ಮ್ಯಾನೇಜರ್‌ಗೆ ಎರಡು ಸಾಲಿನ ಧನ್ಯವಾದ ಮಧ್ಯಾಹ್ನ ಬೇರೆಯಾಗಿ ಹೋಯ್ತು. ಆ ಸುದ್ದಿ ರಿಕ್ರೂಟರ್‌ಗೆ ಮ್ಯಾನೇಜರ್ ಬಾಯಿಂದ ಗೊತ್ತಾಗಬಾರದಲ್ಲ.

ಅವರು ಅವತ್ತೇ ಫೋನ್ ಮಾಡಿದ್ರು. ಬೇಸರ ಇತ್ತು, ಮುಚ್ಚಿಡಲಿಲ್ಲ. ಕಾರಣ ಕೇಳಿದಾಗ ಅವನು ಇ-ವೆರಿಫೈ ವಿಷಯ ನೇರವಾಗಿ ಹೇಳಿದ. ಅವರಿಗೆ ಇದನ್ನು ಯಾರೂ ಹೇಳಿರಲೇ ಇಲ್ಲವಂತೆ. ಹಿಂದಿನ ವರ್ಷವೂ ಇಬ್ಬರು ನಮ್ಮಂಥ ವಿದ್ಯಾರ್ಥಿಗಳು "ವೈಯಕ್ತಿಕ ಕಾರಣ" ಅಂತ ಬಿಟ್ಟು ಹೋಗಿದ್ದರಂತೆ. ಕೊನೆಗೆ, "ಸರಿ, ನಮ್ಮ ಪಟ್ಟಿಯಲ್ಲಿ ಎರಡನೆಯವರಿಗೆ ಈಗಲೇ ಫೋನ್ ಮಾಡ್ತೀನಿ" ಅಂದ್ರು. ಆ ಎರಡನೆಯವರು ಆರು ದಿನದಿಂದ ಎಲ್ಲೋ ಕಾಯ್ತಿದ್ರು ಅಂತ ನಮಗೆ ಆಗ ಹೊಳೆದದ್ದು.

ಇಷ್ಟೂ ಮಾತು ಮೊದಲ ಆಫರ್‌ಗೆ ಇನ್ನೂ ಸಹಿ ಹಾಕಿರದಿದ್ದವರಿಗೆ. ಅದಕ್ಕೂ ಸಹಿ ಹಾಕಿ ಆಮೇಲೆ ಬಿಡೋದು ಕೊಟ್ಟ ಮಾತು ಮುರಿದ ಹಾಗೆ. ಅದನ್ನು ಒಂದು ಮೇಲ್ ಸರಿಮಾಡಲ್ಲ. ಜಾಯಿನಿಂಗ್ ಬೋನಸ್ ಬಂದಿದ್ದರೆ ವಾಪಸ್ ಕೊಡಬೇಕಾಗಬಹುದು. ಕ್ಯಾಂಪಸ್ ಮೂಲಕ ಬಂದ ಆಫರ್ ಆದರೆ ಎಷ್ಟೋ ಯೂನಿವರ್ಸಿಟಿಗಳ ಕೆರಿಯರ್ ಸೆಂಟರ್ ನಿಮ್ಮ ಅಕೌಂಟ್ ನಿಲ್ಲಿಸಬಹುದು. ಅಂಥವರು ಮೇಲ್ ಕಳಿಸುವ ಮುಂಚೆ ಆ ಸೆಂಟರ್‌ಗೆ ಹೋಗಿ ಮಾತಾಡಿ.

ದಾವಣಗೆರೆಯವನಿಗೆ 81ನೇ ದಿನ ಬೇರೆ ಕಡೆ ಕೆಲಸ ಸಿಕ್ತು. ನವೆಂಬರ್‌ನಲ್ಲಿ ಆ ರಿಕ್ರೂಟರ್ ಮೇಡಂ ಹಾಸನದವನಿಗೆ ಮೆಸೇಜ್ ಮಾಡಿದ್ರು. ಅವರೇ ಕಂಪನಿ ಬದಲಾಯಿಸಿದ್ರು. "ಇಲ್ಲಿ ಇ-ವೆರಿಫೈ ಇದೆ, ಮೊದಲೇ ವಿಚಾರಿಸಿದೀನಿ. ನಿಮ್ಮ ಜೂನಿಯರ್ಸ್ ಯಾರಾದರೂ ಇದ್ದಾರಾ?" ಅಂತ ಕೇಳಿದ್ರು. ನಮ್ಮ ಸಂಘದ ಒಬ್ಬ ಜೂನಿಯರ್‌ನ ಕೇಳಿ, ಅವಳು ಒಪ್ಪಿದ ಮೇಲೆ ರೆಸ್ಯೂಮೆ ಕಳಿಸಿದ್ವಿ. ಅವಳಿಗೆ ಇಂಟರ್‌ವ್ಯೂ ಬಂತು. ಮುಂದಿನದು ಅವಳ ಕೈಲಿದೆ. ಎರಡು ಆಫರ್ ಬಂದರೆ ಯಾವುದಕ್ಕೆ ಮೊದಲು ಮೇಲ್ ಬರೀಬೇಕು ಅಂತ ಮಾತ್ರ ಈಗಲೇ ಹೇಳಿಕೊಟ್ಟಿದೀವಿ.