ಯಾವ ವರ್ಷಕ್ಕೆ ನೂರು?

ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಟ್ರೆಂಡ್ ಶೇಕಡಾವಾರು ಎಂದರೆ ಬಹಳ ಸುಲಭದ ಲೆಕ್ಕ. ಒಂದು ವರ್ಷವನ್ನು ಆಧಾರ ವರ್ಷವೆಂದು ಹಿಡಿದು ಅದರ ಮೊತ್ತಕ್ಕೆ 100 ಎಂದು ಹೆಸರಿಡಬೇಕು. ಉಳಿದ ವರ್ಷದ ಮೊತ್ತವನ್ನು ಆಧಾರ ವರ್ಷದ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಪರೀಕ್ಷೆಯಲ್ಲಿ ಆಧಾರ ವರ್ಷ ಯಾವುದೆಂದು ಪ್ರಶ್ನೆಯೇ ಹೇಳಿಬಿಡುತ್ತದೆ. ನಮ್ಮ ಅಬ್ಬಾ ಅವರ ಚಪ್ಪಲಿ ಅಂಗಡಿಯ ಲೆಕ್ಕದಲ್ಲಿ ಅದನ್ನು ಹೇಳುವವರು ಯಾರೂ ಇರಲಿಲ್ಲ.

2024ರ ಬೇಸಿಗೆಯಲ್ಲಿ ಅಣ್ಣ ಎರಡನೇ ಅಂಗಡಿ ತೆರೆಯುವ ಮಾತೆತ್ತಿದ. ಅಡ್ವಾನ್ಸ್‌ಗೆ ಅಮ್ಮಿಯ ಬಳೆಗಳನ್ನು ಮಾರುವುದೆಂದು ಯೋಚನೆ. ಅವನು ತಯಾರಿಸಿದ ಹಾಳೆಯಲ್ಲಿ 2020-21ಕ್ಕೆ 100 ಇತ್ತು. 2023-24ರ ಹೊತ್ತಿಗೆ ಮಾರಾಟ 217, ಲಾಭ 279. ಲೆಕ್ಕ ಕಂಪ್ಯೂಟರಿಗೆ ಹತ್ತಿದ್ದೇ 2020-21ರಲ್ಲಿ, ಆದ್ದರಿಂದ ಅವನು ಅಲ್ಲಿಂದ ಶುರು ಮಾಡಿದ್ದ. ಒಂದು ಅಂಕಿಯೂ ಸುಳ್ಳಲ್ಲ. ಆದರೆ ಅದು ಲಾಕ್‌ಡೌನಿನ ವರ್ಷ. ಆ ವರ್ಷದ ಮಾರಾಟ 24 ಲಕ್ಷ, ಲಾಭ ಬರೀ 1.4 ಲಕ್ಷ. ಗುಂಡಿಯಲ್ಲಿ ನಿಂತು ಅಳೆದರೆ ನೆಲವೂ ಎತ್ತರವೇ.

ಅದರ ಹಿಂದಿನ ವರ್ಷದ ಲೆಕ್ಕ ಕೆಂಪು ರಟ್ಟಿನ ಪುಸ್ತಕದಲ್ಲಿತ್ತು. 2019-20ರಲ್ಲಿ ಮಾರಾಟ 40 ಲಕ್ಷ, ಲಾಭ 5 ಲಕ್ಷ. ಅದನ್ನು ಆಧಾರವಾಗಿಟ್ಟುಕೊಂಡು ಐದು ವರ್ಷಗಳನ್ನು ಸಾಲಾಗಿ ಬರೆದೆ. ಮಾರಾಟ 100, 60, 85, 115, 130 ಎಂದು ಬಂತು. ಕೊನೆಯ ವರ್ಷದ ಲಾಭ 3.9 ಲಕ್ಷ, ಅಂದರೆ ಸೂಚ್ಯಂಕ 78. ಅಣ್ಣನ ಹಾಳೆಯಲ್ಲಿ 279 ಆಗಿದ್ದ ಅದೇ ಲಾಭ ಇದು. ಆ ಸಂಜೆಗೇ ಬಳೆ ಮಾರುವ ಮಾತು ನಿಂತಿತು. ಅಣ್ಣನಿಗೆ ಎರಡು ದಿನ ಬೇಸರವಿತ್ತು.

ಸೂಚ್ಯಂಕ ಓದುವಾಗ ಒಂದು ಎಚ್ಚರ ಬೇಕು. 115ರಿಂದ 130ಕ್ಕೆ ಏರಿದರೆ ಮಾರಾಟ ಶೇ. 15 ಹೆಚ್ಚಿತು ಎಂದು ನಮ್ಮಲ್ಲಿ ಹಲವರು ಬರೆಯುತ್ತಾರೆ. ಅದು 15 ಅಂಶಗಳ ಏರಿಕೆ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಹೆಚ್ಚಳ ಶೇ. 13 ಮಾತ್ರ. ಆಧಾರ ವರ್ಷದಲ್ಲಿ ನಷ್ಟವಾಗಿದ್ದರಂತೂ ಲಾಭದ ಸೂಚ್ಯಂಕವನ್ನು ಹಾಕುವಂತೆಯೇ ಇಲ್ಲ.

ಮಾರಾಟ 130, ಲಾಭ 78. ನಡುವಿನ ಹಣ ಎಲ್ಲಿ ಹೋಯಿತು? ಇದನ್ನು ಟ್ರೆಂಡ್ ಹೇಳುವುದಿಲ್ಲ, ಕಾಮನ್ ಸೈಜ್ ತಖ್ತೆ ಹೇಳುತ್ತದೆ. ಇದರಲ್ಲಿ ಪ್ರತಿ ವರ್ಷದ ಮಾರಾಟವೂ ನೂರು, ಉಳಿದದ್ದೆಲ್ಲ ಅದರ ಪಾಲು. 2019-20ರಲ್ಲಿ ನೂರು ರೂಪಾಯಿ ಮಾರಾಟದಲ್ಲಿ ಸರಕಿಗೆ 70, ಬಾಡಿಗೆಗೆ 7.5, ಸಂಬಳ ಮತ್ತು ಇತರ ಖರ್ಚಿಗೆ 10 ಹೋಗಿ 12.5 ಲಾಭ ಉಳಿದಿತ್ತು. 2023-24ರಲ್ಲಿ ಬಾಡಿಗೆ ಮತ್ತು ಖರ್ಚಿನ ಪಾಲು ಕದಲಿರಲಿಲ್ಲ. ಸರಕಿನ ಪಾಲು 75 ಆಗಿತ್ತು, ಲಾಭ 7.5ಕ್ಕೆ ಇಳಿದಿತ್ತು. ಬಾಡಿಗೆ ತಿಂಗಳಿಗೆ 25,000ದಿಂದ 32,500ಕ್ಕೆ ಏರಿದ್ದರಿಂದ ನಾವೆಲ್ಲ ಮಾಲೀಕರನ್ನೇ ದೂರುತ್ತಿದ್ದೆವು. ತಮಾಷೆಯೆಂದರೆ, ಬಾಡಿಗೆ ಒಂದು ರೂಪಾಯಿಯೂ ಏರದ 2020-21ರಲ್ಲೇ ಅದರ ಪಾಲು 12.5ಕ್ಕೆ ಹಾರಿತ್ತು. ಭಾಗಿಸುವ ಮಾರಾಟ ಕುಸಿದಾಗ ಹಾಗಾಗುತ್ತದೆ. ಆದ್ದರಿಂದ ಶೇಕಡಾ ಬದಲಾದರೆ ಮೊದಲು ಪಕ್ಕದ ರೂಪಾಯಿ ಅಂಕಣವನ್ನು ನೋಡಬೇಕು.

ಸರಕಿನ ಪಾಲು 2021-22ರಲ್ಲಿ 71 ಇದ್ದದ್ದು ಮರುವರ್ಷ 75 ಆಗಿತ್ತು. ಕಾರಣಕ್ಕಾಗಿ ಬಿಲ್ಲುಗಳನ್ನು ತೆಗೆದೆ. ಕೊಳ್ಳುವ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬದಲಾದದ್ದು ತೆರಿಗೆ. 2022ರ ಜನವರಿ 1ರಿಂದ ಸಾವಿರ ರೂಪಾಯಿಯೊಳಗಿನ ಚಪ್ಪಲಿಯ ಜಿಎಸ್‌ಟಿ ಶೇ. 5ರಿಂದ 12ಕ್ಕೆ ಏರಿತ್ತು. ಗಿರಾಕಿ ತಪ್ಪಬಾರದೆಂದು ಅಬ್ಬಾ ತೆರಿಗೆ ಸೇರಿದ ಬೆಲೆಯನ್ನು 499ರಲ್ಲೇ ಇಟ್ಟಿದ್ದರು. ನಾವು ಕೊಳ್ಳುವಾಗ ಕಟ್ಟುವ ಜಿಎಸ್‌ಟಿ ಹೊಂದಾಣಿಕೆಯಾಗುವುದರಿಂದ ಸರಕಿನ ವೆಚ್ಚ ಜೋಡಿಗೆ ಸುಮಾರು 333 ರೂಪಾಯಿಯಲ್ಲೇ ನಿಂತಿತ್ತು. ಆದರೆ 499ರಲ್ಲಿ ತೆರಿಗೆ ಕಳೆದು ನಮ್ಮ ಕೈಗೆ ಬರುವ ಮಾರಾಟ ಮೊದಲು 475 ಇದ್ದದ್ದು ಆಗ 445.50ಕ್ಕೆ ಇಳಿದಿತ್ತು. 333 ಎನ್ನುವುದು 475ರ ಶೇ. 70. ಅದೇ 333, 445.50ರ ಶೇ. 75ಕ್ಕೆ ತೀರ ಹತ್ತಿರ. ತಖ್ತೆಯ ಐದು ರೂಪಾಯಿ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿತು.

ಮೊದಲಿನಷ್ಟೇ ಕೈಗೆ ಬರಬೇಕಾದರೆ ಆಗ ಚೀಟಿಯ ಮೇಲೆ 532 ಎಂದು ಬರೆಯಬೇಕಿತ್ತು. “ಪಕ್ಕದಂಗಡಿಯಲ್ಲಿ 499 ಇರುವಾಗ ನಮಗೆ 532 ಯಾರಪ್ಪಾ ಕೊಡ್ತಾರೆ?” ಎಂದು ಅಬ್ಬಾ ಕೇಳಿದರು. ಅದಕ್ಕೆ ನನ್ನ ತಖ್ತೆಯಲ್ಲಿ ಉತ್ತರವಿರಲಿಲ್ಲ. ಆಗ ಮಕ್ಕಳ ಶಾಲಾ ಬೂಟುಗಳ ಬೆಲೆಯನ್ನಷ್ಟೇ ಏರಿಸಿ ನೋಡಿದರು.